ಫೋಟೋ ಚಿತ್ರವಾಗಲಿ, ಅರಿಶಿನ ನಿಂಬೆಯಾಗದಿರಲಿ: ಆಟಿಕೆ ಕ್ಯಾಟಲಾಗ್‌ಗೆ ಯಾವ ದಾರಿ?

ಅತ್ತಿಗೆಯ ಅಂಗಡಿಗೆ ಕಳೆದ ವರ್ಷ ಒಂದು ಬುಗುರಿ ವಾಪಸ್ ಬಂತು. ಮುರಿದಿರಲಿಲ್ಲ, ಗೀಚಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು: "ಚಿತ್ರದಲ್ಲಿ ನಿಂಬೆಹಣ್ಣಿನ ಬಣ್ಣ, ಬಂದಿದ್ದು ಅರಿಶಿನದ ಬಣ್ಣ." ಬರೆದವರ ತಪ್ಪೇನೂ ಇಲ್ಲ. ಅಂಗಡಿಯಲ್ಲಿರುವುದು ಚನ್ನಪಟ್ಟಣದ ಆಟಿಕೆಗಳು. ಆ ಹಳದಿ ಬರುವುದೇ ಅರಿಶಿನದಿಂದ. ಆದರೆ ಕ್ಯಾಟಲಾಗ್ ಮಾಡುವಾಗ ನಾನು ಫೋಟೋಗಳನ್ನೆಲ್ಲ ಒಂದೇ ಶೈಲಿಯ ಚಿತ್ರಗಳಾಗಿ ಬದಲಿಸಿದ್ದೆ. ಹಾಗೆ ಬದಲಿಸುವಾಗ ಬಣ್ಣ ಎಲ್ಲಿ ಜಾರಿತು ಅಂತ ನೋಡಿರಲಿಲ್ಲ.

ಚಿತ್ರ ಬೇಕು ಅನ್ನುವುದಕ್ಕೆ ಕಾರಣ ಇತ್ತು. ಎರಡು ವರ್ಷದಲ್ಲಿ ಮೂರು ಫೋನುಗಳಲ್ಲಿ ತೆಗೆದ 48 ಫೋಟೋಗಳು. ಒಂದರ ಹಿಂದೆ ಗೋಡೆ, ಇನ್ನೊಂದರ ಹಿಂದೆ ಬೆಡ್‌ಶೀಟ್. ಪಕ್ಕಪಕ್ಕ ಇಟ್ಟರೆ ಒಂದೇ ಅಂಗಡಿಯದು ಅಂತ ಯಾರೂ ಹೇಳುವಂತಿರಲಿಲ್ಲ. ಚಿತ್ರವಾದರೆ ಗೆರೆ, ನೆರಳು, ಹಿನ್ನೆಲೆ ಎಲ್ಲ ಒಂದೇ ತರಹ ಆಗುತ್ತದೆ. ಆ ಬುಗುರಿ ವಾಪಸ್ ಬಂದ ಮೇಲೆ ಇಡೀ ಕೆಲಸವನ್ನು ಮತ್ತೆ ಮಾಡಿದೆ, ಈ ಸಲ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ದಾರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಚಿತ್ರದೊಳಗೆ ಬಣ್ಣ ಎಲ್ಲಿಂದ ಬರುತ್ತಿದೆ? ವಸ್ತುವಿನಿಂದಲೋ, ಸಾಫ್ಟ್‌ವೇರಿನ ಅಭಿರುಚಿಯಿಂದಲೋ?

ಮೊದಲು, ನಿಜವಾದ ಬಣ್ಣ ಯಾವುದು?

ಯಾವ ದಾರಿ ಹಿಡಿದರೂ ಈ ಕೆಲಸ ತಪ್ಪುವುದಿಲ್ಲ. ಫೋಟೋದಲ್ಲೇ ಬಣ್ಣ ತಪ್ಪಿದ್ದರೆ ಮುಂದಿನದೆಲ್ಲ ತಪ್ಪೇ.

ಚನ್ನಪಟ್ಟಣದ ಆಟಿಕೆಗೆ ಬಣ್ಣ ಬಳಿಯುವುದಿಲ್ಲ. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆ ಹೊಳಪೇ ಫೋಟೋ ತೆಗೆಯುವವರ ತಲೆನೋವು. ಗುಂಡಗಿನ ಮೈ ಮೇಲೆ ಕಿಟಕಿಯ ಬೆಳಕು ಬಿಳಿ ಪಟ್ಟಿಯಾಗಿ ಕೂರುತ್ತದೆ. ಆ ಪಟ್ಟಿಯ ಹತ್ತಿರ ಬಣ್ಣ ಎತ್ತಿಕೊಂಡರೆ ಅರಿಶಿನ ಖಂಡಿತ ನಿಂಬೆಯಾಗುತ್ತದೆ.

ನಾನು ಮಾಡುವುದು ಹೀಗೆ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ ಮೇಜು, ಕಿಟಕಿಗೆ ಒಂದು ಬಿಳಿ ಪಂಚೆ. ಕೋಣೆಯ ಲೈಟ್ ಆಫ್. ಟ್ಯೂಬ್‌ಲೈಟೂ ಕಿಟಕಿ ಬೆಳಕೂ ಬೆರೆತರೆ ಆಟಿಕೆಯ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು. ಅದನ್ನು ಆಮೇಲೆ ಸರಿಮಾಡಲು ಆಗುವುದೇ ಇಲ್ಲ. ಆಟಿಕೆಯ ಪಕ್ಕದಲ್ಲಿ ಒಂದು ಗ್ರೇ ಕಾರ್ಡ್ ಇಡುತ್ತೇನೆ. ಕ್ಯಾಮೆರಾ ಅಂಗಡಿಗಳಲ್ಲಿ ಸಿಗುವ 18% ಬೂದು ಕಾರ್ಡು. ಪ್ರಿಂಟರಿನ ಬಿಳಿ ಹಾಳೆ ಸಾಲದೇ ಅಂತ ನನಗೂ ಅನಿಸಿತ್ತು. ಸಾಲದು. ಆ ಹಾಳೆ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ಬಟ್ಟೆಗೆ ನೀಲಿ ಹಾಕಿದ ಹಾಗೆ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಹಗಲು ಬೆಳಕಿನಲ್ಲಿ ಹಾಳೆ ಸ್ವಲ್ಪ ನೀಲಿಯಾಗಿ ಹೊಳೆಯುತ್ತದೆ. ಅದನ್ನೇ ಬಿಳಿ ಅಂತ ನಂಬಿ ಫೋಟೋ ತಿದ್ದಿದರೆ ಇಡೀ ಫೋಟೋ ಹಳದಿಗೆ ವಾಲುತ್ತದೆ.

ಫೋಟೋ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನಲ್ಲಿ ಫೋಟೋ ತೆರೆದು `Levels` ಒಳಗಿನ ಬೂದು ಡ್ರಾಪರಿನಿಂದ ಕಾರ್ಡನ್ನು ಒತ್ತಿದರೆ ಬಣ್ಣದ ವಾಲಿಕೆ ಹೋಗುತ್ತದೆ. ಇಲ್ಲಿಗೇ ನಿಲ್ಲಿಸಬಾರದು. ಕಾರ್ಡಿನ ಮೇಲೆ ಕೆಂಪು, ಹಸಿರು, ನೀಲಿ ಮೂರೂ 0ಯಿಂದ 255ರ ಅಳತೆಯಲ್ಲಿ ಸುಮಾರು 118 ಬರಬೇಕು. ಮೂರೂ ಸಮ ಇದ್ದು 150 ಬಂದರೆ ಫೋಟೋ ಜಾಸ್ತಿ ಬೆಳಕು ಕುಡಿದಿದೆ ಅಂತ ಅರ್ಥ. ಆಗ ವಾಲಿಕೆ ಇಲ್ಲದಿದ್ದರೂ ಬಣ್ಣ ತೆಳು. ನಮ್ಮ ಬುಗುರಿಯ ಕಥೆ ಅರ್ಧ ಇಲ್ಲೇ ಕೆಟ್ಟಿತ್ತು.

ಕೊನೆಗೆ, ಹೊಳಪಿನ ಪಟ್ಟಿಯಿಂದಲೂ ದೂರ, ನೆರಳಿನಿಂದಲೂ ದೂರ ಇರುವ ನಡುವಿನ ಜಾಗದಲ್ಲಿ ಡ್ರಾಪರ್ ಇಡುತ್ತೇನೆ. `Sample average` ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಒಂದು ಚುಕ್ಕೆಯ ಬಣ್ಣ ಸಿಗುತ್ತದೆ. ನಮ್ಮ ಅರಿಶಿನ ಹಳದಿಗೆ ಬಂದ ಬಣ್ಣದ ಕೋಡ್ `#D9A21B`. ಒಂದೇ ಆಟಿಕೆಯನ್ನು ನಂಬಬೇಡಿ. ಕೈಕೆಲಸ, ಕಂತಿನಿಂದ ಕಂತಿಗೆ ಬಣ್ಣ ಸ್ವಲ್ಪ ಏರುಪೇರಾಗುತ್ತದೆ. ಒಂದೇ ಬಣ್ಣದ ಮೂರು ತುಂಡು ಅಳೆದು ನಡುವಿನದನ್ನು ಇಟ್ಟುಕೊಳ್ಳುತ್ತೇನೆ. ಹೀಗೆ ಅಂಗಡಿಗೆ ಆರು ಬಣ್ಣಗಳ ಒಂದು ಪಟ್ಟಿ ಆಯಿತು. ಮುಂದಿನ ಎಲ್ಲ ದಾರಿಗಳನ್ನೂ ಈ ಪಟ್ಟಿಯ ಮುಂದೆ ನಿಲ್ಲಿಸಿದೆ.

ಫಿಲ್ಟರ್ ಹಾಕುವುದು

ಎಲ್ಲಕ್ಕಿಂತ ಬೇಗ ಆಗುವ ದಾರಿ. ಒಂದು ಕ್ಲಿಕ್, ಫೋಟೋ ಕಾರ್ಟೂನಿನ ಹಾಗೆ ಆಗುತ್ತದೆ. ಮೊದಲ ಸಲ ನಾನು ಹಿಡಿದದ್ದು ಇದನ್ನೇ. ಬಣ್ಣಗಳನ್ನು ಕಡಿಮೆ ಮಾಡಿ ಚಪ್ಪಟೆಯಾಗಿ ಕಾಣಿಸಲು ಎಲ್ಲರೂ `Posterize` ಒತ್ತುತ್ತಾರೆ. ಅದು ಒಳಗೆ ಏನು ಮಾಡುತ್ತದೆ ನೋಡಿ.

ನಾಲ್ಕು ಹಂತ ಅಂತ ಕೊಟ್ಟರೆ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ನಾಲ್ಕೇ ಮನೆ: 0, 85, 170, 255. ನಮ್ಮ ಅರಿಶಿನದಲ್ಲಿ ಕೆಂಪು 217, ಹಸಿರು 162, ನೀಲಿ 27. 217ಕ್ಕೆ ಹತ್ತಿರದ ಮನೆ 255. 162ಕ್ಕೆ 170. 27ಕ್ಕೆ ಸೊನ್ನೆ. ಮೂರನ್ನೂ ಸೇರಿಸಿದರೆ `#FFAA00`. ಇದು ಅರಿಶಿನವಲ್ಲ, ಪೊಲೀಸ್ ಬ್ಯಾರಿಕೇಡಿನ ಮೇಲೆ ಮಿನುಗುವ ದೀಪ. ಸಾಫ್ಟ್‌ವೇರಿಗೆ ಹಳದಿ ಅನ್ನುವುದೇ ಗೊತ್ತಿಲ್ಲ. ಮೂರು ಸಂಖ್ಯೆಗಳನ್ನು ಬೇರೆಬೇರೆಯಾಗಿ ದುಂಡಗೆ ಮಾಡಿತು, ಅಷ್ಟೇ.

ಇದೇ ದಾರಿಯಲ್ಲಿ ಬಣ್ಣ ಉಳಿಸಿಕೊಳ್ಳಲು ಒಂದು ಉಪಾಯ ಇದೆ. `Posterize` ಬಿಟ್ಟು, `Image > Mode > Indexed` ಗೆ ಹೋಗಿ, ಅಲ್ಲಿ `Use custom palette` ಆರಿಸಿ ನಮ್ಮದೇ ಬಣ್ಣದ ಪಟ್ಟಿಯನ್ನು ಕೊಡುವುದು. ಡಿದರಿಂಗ್ ಬೇಡ ಅನ್ನಬೇಕು, ಇಲ್ಲದಿದ್ದರೆ ರವೆ ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತದೆ. ಈಗ ಪ್ರತಿ ಚುಕ್ಕೆಯೂ ಪಟ್ಟಿಯಲ್ಲಿರುವ ಹತ್ತಿರದ ಬಣ್ಣಕ್ಕೆ ಹೋಗಿ ಕೂರುತ್ತದೆ. ಆದರೆ ಪಟ್ಟಿಯಲ್ಲಿ ಬರೀ ಆರು ಬಣ್ಣ ಇದ್ದರೆ ಹಳದಿಯ ನೆರಳು ಹಸಿರಿಗೋ ಕೆಂಪಿಗೋ ಸೇರಿಬಿಡುತ್ತದೆ. ನನ್ನ ಮೊದಲ ಗಿಲಕಿಯ ಕೆಳಗೆ ಪಾಚಿ ಕಟ್ಟಿದ ಹಾಗೆ ಆಗಿತ್ತು. ಅದಕ್ಕೆ ಪ್ರತಿ ಬಣ್ಣಕ್ಕೂ ಮೂರು ಛಾಯೆ ಬೇಕು: ತಿಳಿ, ನಡು, ನೆರಳು. ಅರಿಶಿನದ ನೆರಳಿಗೆ ಕಪ್ಪು ಬೆರೆಸಬೇಡಿ. ಹಳದಿಗೆ ಕಪ್ಪು ಸೇರಿದರೆ ಕಣ್ಣಿಗೆ ಅದು ಹಸಿರಾಗಿ ಕಾಣುತ್ತದೆ. ಕಿತ್ತಳೆಯ ಕಡೆ ಸರಿಸಿ. ನಾನು ಇಟ್ಟದ್ದು `#B5781A`.

ಇಷ್ಟಾದ ಮೇಲೂ ಫಿಲ್ಟರಿಗೆ ಒಂದು ಮಿತಿ ಇದೆ. ಫೋಟೋದ ಗುಣ ಹೇಗೋ ಚಿತ್ರ ಹಾಗೆ. ಮಸುಕು ಫೋಟೋಗೆ ಮಸುಕು ಅಂಚು, ಬೆಡ್‌ಶೀಟಿಗೆ ಬೆಡ್‌ಶೀಟಿನದೇ ಚಿತ್ರ. ಎಲ್ಲವನ್ನೂ ಒಂದೇ ಕಿಟಕಿ, ಒಂದೇ ಕೋನ, ಒಂದೇ ಹಿನ್ನೆಲೆಯಲ್ಲಿ ಮತ್ತೆ ತೆಗೆಯುವವರಿಗೆ ಮಾತ್ರ ಇದು ಸರಿ.

ಮೇಲೆ ಗೆರೆ ಎಳೆದು ಬಣ್ಣ ತುಂಬುವುದು

ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಫೋಟೋವನ್ನು ಕೆಳಗಿಟ್ಟು ಪೆನ್ನಿನಿಂದ ಅದರ ಮೇಲೆ ಆಕಾರ ಬಿಡಿಸುವುದು. ಇಲ್ಲಿ ಫೋಟೋದಿಂದ ಬರುವುದು ಆಕಾರ ಮಾತ್ರ. ಬಣ್ಣ ನೇರವಾಗಿ ನಮ್ಮ ಪಟ್ಟಿಯಿಂದ ಬರುತ್ತದೆ. ದಾರಿಯಲ್ಲಿ ಜಾರುವುದಕ್ಕೆ ಜಾಗವೇ ಇಲ್ಲ. ಹಳೇ ಬೆಡ್‌ಶೀಟ್ ಫೋಟೋವೂ ನಡೆಯುತ್ತದೆ.

ಬಣ್ಣ ತುಂಬುವಾಗ ಪ್ರತಿ ಸಲ ಕೋಡ್ ಟೈಪ್ ಮಾಡಬೇಡಿ. ಆರು ಬಣ್ಣಗಳನ್ನೂ `Swatch` ಆಗಿ ಮಾಡಿಕೊಳ್ಳಿ. ಒಂದು ಫೈಲಿನಲ್ಲಿ ಅರಿಶಿನದ ಸ್ವಾಚ್ ತಿದ್ದಿದರೆ ಆ ಫೈಲಿನ ಅರಿಶಿನವೆಲ್ಲ ಒಟ್ಟಿಗೆ ಬದಲಾಗುತ್ತದೆ. ಮುಂದಿನ ಕಂತಿನ ಮಾಲು ಸ್ವಲ್ಪ ಗಾಢವಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ಹಾಗಾಗಿ ಎಲ್ಲ ಆಟಿಕೆಗಳನ್ನೂ ನಾನು ಒಂದೇ ಫೈಲಿನಲ್ಲಿ ಬಿಡಿಸಿದೆ.

ಎಡವಿದ್ದು ಗೆರೆಯ ದಪ್ಪದಲ್ಲಿ. ಬುಗುರಿಯನ್ನು ದೊಡ್ಡದಾಗಿ ಬಿಡಿಸಿ ಆಮೇಲೆ ಕುಗ್ಗಿಸಿದೆ, ರೈಲನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸಿದೆ. ಬುಗುರಿಗೆ ಕೂದಲಿನಂಥ ಗೆರೆ, ರೈಲಿಗೆ ಹಗ್ಗದಂಥ ಗೆರೆ. ಕುಗ್ಗಿಸುವಾಗ ಗೆರೆಯೂ ಕುಗ್ಗಬೇಕೋ ಬೇಡವೋ ಅನ್ನುವ ಒಂದು ಆಯ್ಕೆ ಇಂಕ್‌ಸ್ಕೇಪ್‌ನಲ್ಲಿದೆ. ಅದನ್ನು ಮೊದಲೇ ಆಫ್ ಮಾಡಿಕೊಂಡರೆ ಈ ಗೋಳಿಲ್ಲ. ಗೆರೆಯ ಬಣ್ಣವೂ ಮುಖ್ಯ. ಕಡುಗಪ್ಪು ಗೆರೆಯೊಳಗೆ ಹಳದಿ ಇದ್ದದ್ದಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಕೋಡ್ ಅದೇ, ಕಣ್ಣಿಗೆ ಬೇರೆ. ಗಾಢ ಕಂದು ಗೆರೆಗೆ ಬದಲಿಸಿದ ಮೇಲೆ ಆಟಿಕೆ ಪಕ್ಕದಲ್ಲಿಟ್ಟರೆ ಹೊಂದಿತು.

ಒಂದು ಬುಗುರಿಗೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ಬೋಗಿಗಳ ರೈಲಿಗೆ ಒಂದೂವರೆ ಗಂಟೆ. ಲೇತಿನ ಆಟಿಕೆಗೆ ಇದು ಹೇಳಿ ಮಾಡಿಸಿದ ದಾರಿ, ಯಾಕೆಂದರೆ ಎಲ್ಲವೂ ಗುಂಡು, ಉರುಳೆ, ಚಪ್ಪಟೆ ಬಣ್ಣ. ಇದೇ ಕೆಲಸವನ್ನು ಇಳಕಲ್ ಸೀರೆಯ ಸೆರಗಿಗೆ ಮಾಡಲು ಹೋದರೆ ಒಂದು ಸೀರೆಗೆ ಒಂದು ವಾರ ಬೇಕು.

ಎಐ ಶೈಲಿ, ಬಣ್ಣ ಮಾತ್ರ ನಮ್ಮದು

ಫೋಟೋ ಕೊಟ್ಟು "ಜಲವರ್ಣದ ಹಾಗೆ ಮಾಡು" ಅಂದರೆ ಮಾಡಿಕೊಡುವ ಉಪಕರಣಗಳು ಈಗ ಬೇಕಾದಷ್ಟಿವೆ. ಚೆಂದ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಫೋಟೋದ ಬಣ್ಣವನ್ನು ನಕಲು ಮಾಡುವುದಿಲ್ಲ. ಚಿತ್ರವನ್ನು ಹೊಸದಾಗಿ ಬಿಡಿಸುತ್ತವೆ. "ಮಕ್ಕಳ ಪುಸ್ತಕದ ಶೈಲಿ" ಅಂದರೆ ಅವುಗಳ ಮಟ್ಟಿಗೆ ಹಳದಿ ಅಂದರೆ ತಿಳಿ, ಹೊಳೆಯುವ ಹಳದಿ. ನೀವು "ಅರಿಶಿನ ಹಳದಿ" ಅಂತ ಬರೆದರೂ, ಬಣ್ಣದ ಕೋಡನ್ನೇ ಬರೆದರೂ ಅದು ಬರೀ ಸೂಚನೆ, ಅಳತೆ ಅಲ್ಲ.

ಐದು ಉಂಗುರಗಳ ಗೋಪುರವನ್ನು ಹೀಗೆ ಮಾಡಿಸಿ ನೋಡಿದೆ. ಹಳದಿ ಉಂಗುರ `#D9A21B` ಇದ್ದದ್ದು `#F2C230` ಆಗಿ ಬಂತು. ಇದನ್ನು ಬಣ್ಣದ ಲ್ಯಾಬ್ ಅಳತೆಯಲ್ಲಿ ನೋಡಿದರೆ ಏನಾಯಿತು ಅಂತ ಸ್ಪಷ್ಟವಾಗುತ್ತದೆ. ಅದರಲ್ಲಿ `L` ಅಂದರೆ ಬೆಳಕು, 0ಯಿಂದ 100. ಉಳಿದ ಎರಡು, `a` ಮತ್ತು `b`, ಬಣ್ಣ ಯಾವುದು ಅಂತ ಹೇಳುತ್ತವೆ. ನಮ್ಮದು `L` 70, `a` 10, `b` 69. ಬಂದದ್ದು `L` 81, `a` 4, `b` 73. ಎರಡರ ನಡುವಿನ ದೂರ ಹನ್ನೆರಡಕ್ಕಿಂತ ಜಾಸ್ತಿ. ಪಕ್ಕಪಕ್ಕ ಇಟ್ಟಾಗ ಎರಡು ಮೂರರ ವ್ಯತ್ಯಾಸವೇ ಕಣ್ಣಿಗೆ ಸಿಗುತ್ತದೆ.

ಎಲ್ಲರೂ ಹೇಳುವ ಪರಿಹಾರ: ಎಐ ಚಿತ್ರವನ್ನು ಕೆಳಗಿಟ್ಟು, ತಿದ್ದಿದ ಫೋಟೋವನ್ನು ಅದರ ಮೇಲಿಟ್ಟು, ಜಿಂಪ್‌ನಲ್ಲಿ ಮೇಲಿನ ಪದರದ ಮೋಡನ್ನು `LCh Color` ಮಾಡುವುದು. ಆಗ ಬಣ್ಣ ಫೋಟೋದಿಂದ, ಬೆಳಕು ಮತ್ತು ಕುಂಚದ ಗುರುತು ಚಿತ್ರದಿಂದ. ಕೇಳಲು ಪರಿಪೂರ್ಣ ಅಲ್ವಾ? ಮಾಡಿದ ಮೇಲೆ ಉಂಗುರ `L` 81, `a` 10, `b` 69 ಆಯಿತು. `a`, `b` ಸರಿಹೋದವು. ಆದರೆ ಬೆಳಕು ಚಿತ್ರದ್ದೇ ಉಳಿಯಿತು. ಹನ್ನೆರಡು ದಾಟಿದ್ದ ದೂರ ಹನ್ನೊಂದರ ಹತ್ತಿರಕ್ಕೆ ಇಳಿಯಿತು, ಅಷ್ಟೇ. ಕಡುಗೆಂಪು ಉಂಗುರದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: ಕೆಂಪನ್ನು ಬೆಳ್ಳಗೆ ಮಾಡಿದರೆ ಅದಕ್ಕೆ ನಾವು ಗುಲಾಬಿ ಅಂತೀವಿ.

ಹಾಗಾಗಿ ಇನ್ನೊಂದು ಹೆಜ್ಜೆ ಬೇಕು. ಒಂದೊಂದೇ ಉಂಗುರವನ್ನು ಸೆಲೆಕ್ಟ್ ಮಾಡಿ, ಕೆಳಗಿನ ಎಐ ಪದರದಲ್ಲಿ `Curves` ಎಳೆದು ನಡುಭಾಗದ `L` ಅನ್ನು 81ರಿಂದ 70ಕ್ಕೆ ಇಳಿಸುವುದು. ಜಿಂಪ್‌ನ `Pointer` ಕಿಟಕಿಯಲ್ಲಿ `CIE LAB` ಆರಿಸಿಕೊಂಡರೆ ಸಂಖ್ಯೆ ಅಲ್ಲೇ ಕಾಣುತ್ತದೆ. ಹೊಳಪಿನ ಬಿಳಿಯನ್ನು ಮುಟ್ಟಬೇಡಿ, ನಡುವನ್ನು ಮಾತ್ರ ಬಗ್ಗಿಸಿ. ಇಷ್ಟು ಮಾಡಿದ ಮೇಲೆ ನನ್ನ ಉಂಗುರ ಎರಡರೊಳಗೆ ಬಂತು.

ಈ ಉಪಾಯ ನಡೆಯಬೇಕಾದರೆ ಚಿತ್ರವೂ ಫೋಟೋವೂ ಅಂಚಿಗೆ ಅಂಚು ಕೂರಬೇಕು. ಎಐ ಉಂಗುರವನ್ನು ನಾಲ್ಕು ಚುಕ್ಕೆ ಪಕ್ಕಕ್ಕೆ ಸರಿಸಿದ್ದರೆ ಹಳದಿ ಹೋಗಿ ಹಿನ್ನೆಲೆಯ ಮೇಲೆ ಒಸರುತ್ತದೆ. ಸ್ಟೇಬಲ್ ಡಿಫ್ಯೂಷನ್ ಅನ್ನುವ ಎಐ ಉಪಕರಣ ಬಳಸುವವರು ಅದರ ಜೊತೆಗಿನ ಕಂಟ್ರೋಲ್‌ನೆಟ್‌ನಲ್ಲಿ ಫೋಟೋದ ಗೆರೆಯನ್ನು ಕಟ್ಟಿಹಾಕಿ, ಫೋಟೋವನ್ನು ಎಷ್ಟು ಬದಲಿಸಬೇಕು ಅಂತ ಹೇಳುವ `denoising strength` ಅನ್ನು 0.4ರ ಆಸುಪಾಸು ಇಟ್ಟರೆ ಆಕಾರ ಹೆಚ್ಚಾಗಿ ನಿಲ್ಲುತ್ತದೆ. 0.7 ದಾಟಿದರೆ ಆಟಿಕೆಯೇ ಬೇರೆ. 48 ಚಿತ್ರಗಳೂ ಒಂದೇ ಮನೆಯವು ಅನಿಸಬೇಕಾದರೆ ಬರೆದ ಸೂಚನೆ, ಸೀಡ್ ಸಂಖ್ಯೆ, ಈ ಅಳತೆ ಮೂರನ್ನೂ ಬದಲಿಸಬಾರದು.

ಇನ್ನೊಂದು ಮೋಸ ಬಣ್ಣದ್ದಲ್ಲ, ಎಣಿಕೆಯದ್ದು. ನಮ್ಮ ಗಿಲಕಿಯ ಹಿಡಿಯ ಮೇಲೆ ಮೂರು ಕೆಂಪು ಗೆರೆ. ಎಐ ಚಿತ್ರದಲ್ಲಿ ನಾಲ್ಕು. ಗೋಪುರದ ತುದಿಯ ಗುಂಡಿಗೆ ಒಂದು ಚುಕ್ಕೆ ಜಾಸ್ತಿ. ನೋಡಿದ ತಕ್ಷಣ ಗೊತ್ತಾಗುವುದಿಲ್ಲ, ಯಾಕೆಂದರೆ ಚೆನ್ನಾಗಿಯೇ ಇರುತ್ತದೆ. ಮಣಿ, ಗೆರೆ, ಚಕ್ರಗಳನ್ನು ಬೆರಳಿಟ್ಟು ಎಣಿಸಿ. ಇದನ್ನೆಲ್ಲ ಸೇರಿಸಿದರೆ ಒಂದು ಆಟಿಕೆಗೆ ನನಗೆ ಅರ್ಧ ಗಂಟೆ ಆಯಿತು. "ಒಂದು ಕ್ಲಿಕ್" ಅನ್ನುವುದು ಮೊದಲ ಚಿತ್ರಕ್ಕೆ ಮಾತ್ರ.

ಕಲಾವಿದರಿಗೆ ಕೊಡುವುದು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಡ್ಡಿದ್ದರೆ ಫಲಿತಾಂಶ ಇದರದ್ದೇ ಒಳ್ಳೆಯದು. ಆದರೆ ಫೋಟೋ ಕಳಿಸಿ ಸುಮ್ನೆ ಕೂತರೆ ಅವರೂ ತಮ್ಮ ಪರದೆಯಲ್ಲಿ ಕಂಡ ಬಣ್ಣವನ್ನೇ ತುಂಬುತ್ತಾರೆ. ಆರು ಬಣ್ಣದ ಪಟ್ಟಿಯನ್ನೂ, ಸಾಧ್ಯವಾದರೆ ಬಣ್ಣಕ್ಕೊಂದು ಆಟಿಕೆಯನ್ನೂ ಕೊರಿಯರ್ ಮಾಡಿ. ಪದರಗಳಿರುವ ಮೂಲ ಫೈಲ್ ನಮಗೆ ಸಿಗಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬರೀ ಜೆಪೆಗ್ ಕೈಗೆ ಬಂದರೆ ಒಂದು ಬಣ್ಣ ತಿದ್ದಲಿಕ್ಕೂ ಮತ್ತೆ ಅವರ ಬಾಗಿಲಿಗೇ ಹೋಗಬೇಕು.

ನಾನು ಆರಿಸಿದ್ದು

ಲೇತಿನ ಆಟಿಕೆ, ಚಪ್ಪಟೆ ಬಣ್ಣ, ವರ್ಷಕ್ಕೆರಡು ಸಲ ಹೊಸ ಮಾಲು. ನಮಗೆ ಗೆರೆ ಎಳೆಯುವ ದಾರಿಯೇ ಸರಿ. ಮೊದಲ ಹತ್ತು ಆಟಿಕೆಗೆ ಬೇಜಾರಾಗುತ್ತದೆ. ಆಮೇಲೆ ಚಕ್ರ, ಉಂಗುರ, ಗುಂಡಿ ಎಲ್ಲ ನಮ್ಮ ಹತ್ತಿರವೇ ಇರುತ್ತವೆ, ಎತ್ತಿ ಇಡುವುದಷ್ಟೇ.

ಅಂಗಡಿಯಲ್ಲಿ ನೇಯ್ದದ್ದು, ಕಸೂತಿ, ಮಡಕೆ, ಮೇಲ್ಮೈಯೇ ಮುಖ್ಯವಾದ ಮಾಲು ಇದ್ದರೆ ಎಐ ಶೈಲಿ ಹಿಡಿಯಿರಿ. ಆದರೆ `L` ತಿದ್ದುವ ಹೆಜ್ಜೆಯನ್ನು ಬಿಡಬೇಡಿ. ಕಸೂತಿಯ ಗೋಪುರ, ತೇರು ಎಣಿಕೆಯ ಹೊಲಿಗೆ. ಅಲ್ಲಿ ಎಐ ಒಂದು ಎಳೆ ತಪ್ಪಿಸಿದರೂ ಗೊತ್ತಿದ್ದವರು ಕೂಡಲೇ ಹಿಡಿಯುತ್ತಾರೆ. ಹಾಗಾಗಿ ವಿನ್ಯಾಸದ ಭಾಗವನ್ನು ಫೋಟೋದಿಂದಲೇ ಕತ್ತರಿಸಿ ಕೂರಿಸುವುದು ಮೇಲು. ಹತ್ತೇ ಐಟಂ ಇದ್ದು, ನಾಳೆಯೇ ಬೇಕು ಅಂದರೆ ಸ್ವಂತ ಪಟ್ಟಿಯ ಜೊತೆ ಫಿಲ್ಟರ್ ಸಾಕು.

ಯಾವುದನ್ನೇ ಮಾಡಿ, ಕೊನೆಗೆ ಪರದೆಗಳಿಗೆ ಸಾಮಾನ್ಯವಾದ `sRGB` ಬಣ್ಣದ ಪ್ರೊಫೈಲ್ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಎರಡು ಬೇರೆ ಫೋನುಗಳಲ್ಲಿ ತೆರೆದು, ಅದೇ ಕಿಟಕಿಯ ಪಕ್ಕ ಆಟಿಕೆಯ ಜೊತೆ ಹಿಡಿದು ನೋಡಿ. ಫೋನಿನ ರಾತ್ರಿ ಮೋಡ್ ಆಫ್ ಇರಲಿ. ಅದು ಪರದೆಯನ್ನೇ ಹಳದಿ ಮಾಡಿರುತ್ತದೆ. ಕೆಲವು ಫೋನುಗಳಲ್ಲಿ ಬಣ್ಣವನ್ನು ಎದ್ದು ಕಾಣಿಸುವ ಸೆಟ್ಟಿಂಗ್ ಇರುತ್ತದೆ. ಅದಕ್ಕೆ ನಾವು ಏನೂ ಮಾಡಲಾಗದು. ಕ್ಯಾಟಲಾಗ್ ಅಚ್ಚಿಗೆ ಹೋಗುವುದಾದರೆ ಒಂದು ಪುಟದ ಪ್ರೂಫ್ ತೆಗೆಸದೆ ಒಪ್ಪಬೇಡಿ. ಪರದೆಯ ಹೊಳೆಯುವ ಕಿತ್ತಳೆ ನಾಲ್ಕು ಶಾಯಿಗಳಿಂದ ಬರುವುದಿಲ್ಲ, ಮಂಕಾಗುತ್ತದೆ. ನಮ್ಮ ಅರಿಶಿನ ಮಾತ್ರ ಪ್ರೂಫಿನಲ್ಲಿ ಸರಿಯಾಗಿಯೇ ಬಂತು.

48ರಲ್ಲಿ 45 ಚಿತ್ರವಾದವು. ಉಳಿದ ಮೂರು ಬಣ್ಣವಿಲ್ಲದ ಆಟಿಕೆಗಳು, ಹಾಲೆ ಮರದ ಮೈಗೆ ತೆಳ್ಳಗೆ ಬರೀ ಅರಗು ಹಿಡಿಸಿದವು. ಕೆನೆಬಣ್ಣದ ಚಪ್ಪಟೆ ಆಕಾರ ಬಿಡಿಸಿದರೆ ಪ್ಲಾಸ್ಟಿಕ್ ಹಾಗೆ ಕಂಡವು. ಎಐ ಅದಕ್ಕೆ ತೇಗದಂಥ ದಪ್ಪ ನಾರುಗಳನ್ನು ಬಿಡಿಸಿತು. ಹಾಲೆ ಮರ ನಯ, ಅದರಲ್ಲಿ ಆ ಗೆರೆಗಳು ಇಲ್ಲ. ಅತ್ತಿಗೆ ನೋಡಿ, "ಇದು ನಮ್ಮ ಮರ ಅಲ್ಲ" ಅಂದರು. ಆ ಮೂರನ್ನು ಉಳಿದ ಚಿತ್ರಗಳಿಗಿರುವ ಬೂದು ಹಿನ್ನೆಲೆಯ ಮೇಲೆ, ಅದೇ ಕಂದು ಗೆರೆಯ ಚೌಕಟ್ಟಿನೊಳಗೆ ಫೋಟೋ ಆಗಿಯೇ ಇಟ್ಟಿದ್ದೇವೆ.